ಮರಳಿ ಬರಲು ಹದಿನೆಂಟು ದಿನ

ನನಗೆ ಆ ಕುರ್ಚಿ ಬೇಕಿತ್ತು. ಮುಚ್ಚುಮರೆ ಯಾಕೆ, ಬೇಕೇ ಬೇಕಿತ್ತು.

ಠಾಣೆಯ ಮಾಜಿವಾಡಾದಲ್ಲಿ, ಕಿಟಕಿ ಮುಚ್ಚಿದರೂ ಹೆದ್ದಾರಿಯ ಸದ್ದು ಒಳಗೆ ಬರುವ ಮೊದಲ ಮಹಡಿಯ ಆಫೀಸು ನಮ್ಮದು. ಇಸವಿ ಎರಡು ಸಾವಿರದ ಹತ್ತು ದಾಟಿದ ಹೊಸತು. ಹಿಂದಿನ ಕೋಣೆಯಲ್ಲಿ ನಾವು ನಾಲ್ವರು, ಷೇರು ಪೇಟೆ ಮುಚ್ಚಿದ ಮೇಲೆ ಮುಂಗಡ ಠೇವಣಿಯ ಮಾರ್ಜಿನ್ ಫೈಲು, ಅಂದಿನ ವ್ಯವಹಾರದ ಚೀಟಿಗಳಾದ ಕಾಂಟ್ರಾಕ್ಟ್ ನೋಟುಗಳನ್ನು ತಾಳೆ ನೋಡುವವರು. ಮುಂದಿನ ಕೋಣೆಯಲ್ಲಿ ಟ್ರೇಡರುಗಳಿಗೆಂದು ಎರಡು ಕುರ್ಚಿ. ಒಂದರಲ್ಲಿ ಘಣಸೋಲಿಯಿಂದ ಬರುವ ಮರಾಠಿ ಹುಡುಗ ಕೂರುತ್ತಿದ್ದ. ಇನ್ನೊಂದರವನು ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿತೆಂದು ಹೋಗಿ, ಅದು ಖಾಲಿ ಬಿದ್ದಿತ್ತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬಂದವಳು ನಾನು, ಮೂರು ವರ್ಷದಿಂದ ಕಾಂಟ್ರಾಕ್ಟ್ ನೋಟು ಮಡಚುತ್ತಿದ್ದೆ. ಆ ಖಾಲಿ ಕುರ್ಚಿ ಕಂಡಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಆಫೀಸಿನ ಯಜಮಾನರನ್ನು ಎಲ್ಲರೂ ಸೇಠ್ ಎನ್ನುತ್ತಿದ್ದರು. ನಾನು ಮಾತ್ರ ಅಣ್ಣಾರು ಎನ್ನುತ್ತಿದ್ದೆ, ನಮ್ಮ ಮನೆಯದು ಧಾರವಾಡ ಕಡೆಯ ಮಾತು. ಅವರು ಉಡುಪಿಯವರು. ಅವರ ತಂದೆಯದು ಕಲ್ಯಾಣ ಸ್ಟೇಶನ್ನಿನ ಹತ್ತಿರ ಹೋಟೆಲು. ಇವರು ಹತ್ತು ವರ್ಷ ಅಲ್ಲಿ ಗಲ್ಲಾದಲ್ಲಿ ಕೂತು, ಬೇಸತ್ತು, ಅದನ್ನು ತಮ್ಮನಿಗೆ ಬಿಟ್ಟು ಸ್ವಂತ ದುಡ್ಡಿನಿಂದ ಷೇರು ಪೇಟೆಗೆ ಇಳಿದಿದ್ದರು. ಮನೆಯಲ್ಲಿ ತುಳು, ಟ್ರೇಡರುಗಳ ಹತ್ತಿರ ಹಿಂದಿ, ನನ್ನ ಹತ್ತಿರ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ.

ಅವರ ವ್ಯಾಪಾರ ಜೋಡಿಗಳದ್ದು. ಒಂದೇ ಬಗೆಯ ಎರಡು ಬ್ಯಾಂಕುಗಳ ಷೇರು ತೆಗೆದುಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅವುಗಳ ನಡುವಿನ ಅಂತರಕ್ಕೆ ನಾವು ಸ್ಪ್ರೆಡ್ ಎನ್ನುತ್ತೇವೆ. ಒಮ್ಮೊಮ್ಮೆ ಆ ಅಂತರ ವಾಡಿಕೆಗಿಂತ ಹಿಗ್ಗುತ್ತದೆ. ಆಗ ಮೇಲೆ ಹೋದದ್ದನ್ನು ಮಾರಿ, ಕೆಳಗೆ ಉಳಿದದ್ದನ್ನು ಕೊಳ್ಳಬೇಕು. ಅಂತರ ಮತ್ತೆ ತನ್ನ ಸರಾಸರಿಗೆ ಮರಳಿದಾಗ ಎರಡನ್ನೂ ಬಿಡಿಸಿಕೊಂಡರೆ, ಅಂದರೆ ಮಾರಿದ್ದನ್ನು ಮರಳಿ ಕೊಂಡು ಕೊಂಡದ್ದನ್ನು ಮಾರಿದರೆ, ಲಾಭ. ಪೇಟೆ ಒಟ್ಟಾರೆ ಏರಲಿ, ಬೀಳಲಿ, ಅದರ ಚಿಂತೆ ಅಷ್ಟಾಗಿ ಇಲ್ಲ. ಅಂತರ ಮರಳಬೇಕು, ಅಷ್ಟೇ.

ಮರಳದಿದ್ದರೆ? ಅಣ್ಣಾರ ಹತ್ತಿರ ಇದಕ್ಕೆ ಒಂದೇ ಉತ್ತರ ಇತ್ತು: “ಬರ್ತದೆ ಮಾರಾಯ್ತಿ. ಎಲ್ಲಿಗೆ ಹೋಗ್ತದೆ?”

ಒಂದು ಜೋಡಿಯನ್ನು ಅವರು ಐದು ತಿಂಗಳು ಹಾಗೇ ಇಟ್ಟುಕೊಂಡಿದ್ದರು. ತಿಂಗಳ ಕೊನೆಗೆ ಫ್ಯೂಚರ್ಸ್ ಎಂಬ ಮುಂಗಡ ಒಪ್ಪಂದ ಮುಗಿಯುತ್ತದೆ, ಇವರು ಅದನ್ನು ಮುಂದಿನ ತಿಂಗಳಿಗೆ ದಾಟಿಸುತ್ತಾರೆ, ಮತ್ತೆ ಮುಗಿಯುತ್ತದೆ, ಮತ್ತೆ ದಾಟಿಸುತ್ತಾರೆ. ಅದರ ಮಾರ್ಜಿನ್ ಫೈಲು ದಿನವೂ ನನ್ನ ಕೈಗೇ ಬರುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟೆ: “ಅಣ್ಣಾರ, ಇದು ಎಷ್ಟ ದಿನಕ್ಕ ವಾಪಸ್ ಬರತೈತಿ ಅಂತ ಯಾರಾದ್ರೂ ಲೆಕ್ಕಾ ಹಾಕ್ಯಾರೇನ್ರಿ?”

“ಅದಕ್ಕೆ ಎಂತ ಲೆಕ್ಕ? ಅದು ಬರುವಾಗ ಬರ್ತದೆ,” ಎಂದರು.

ಲೆಕ್ಕ ಇತ್ತು. ಡಬ್ಬಿಯ ಚಪಾತಿ ಒಂದು ಕೈಯಲ್ಲಿ, ಮೌಸು ಇನ್ನೊಂದರಲ್ಲಿ ಹಿಡಿದು ಅದನ್ನು ಮಾಡಿದೆ. ಷೇರುಗಳೇ ಕೈಬದಲಾಗುವ ಕ್ಯಾಶ್ ಮಾರುಕಟ್ಟೆಯ ಮುಕ್ತಾಯದ ದರಗಳಿಂದ ಒಂದೊಂದು ಜೋಡಿಗೂ ನೂರಿಪ್ಪತ್ತು ದಿನಗಳ ಅಂತರ ಬರೆದೆ. ಪಕ್ಕದ ಕಾಲಮ್ಮಿನಲ್ಲಿ, ಮರುದಿನ ಆ ಅಂತರ ಎಷ್ಟು ಬದಲಾಯಿತು ಎಂಬುದು. ಸರಾಸರಿಯಿಂದ ಹೆಚ್ಚು ದೂರ ಹೋದ ದಿನದ ನಂತರ ಅದು ಹೆಚ್ಚು ಹಿಂದಕ್ಕೆ ಎಳೆಯಲ್ಪಡುತ್ತಿದ್ದರೆ, ಎರಡು ಕಾಲಮ್ಮುಗಳ ನಡುವಿನ ಗೆರೆಗೆ ಕೆಳಮುಖ ಇಳಿಜಾರು ಇರಬೇಕು. ಇತ್ತು! ಒಂದು ಬ್ಯಾಂಕ್ ಜೋಡಿಯಲ್ಲಿ ಆ ಇಳಿಜಾರು ಮೈನಸ್ ಸೊನ್ನೆ ಪಾಯಿಂಟ್ ಸೊನ್ನೆ ಎಂಟು. ಅಂದರೆ ಅಂತರ ಸರಾಸರಿಯಿಂದ ಎಷ್ಟು ದೂರ ಇದೆಯೋ ಅದರ ನೂರರಲ್ಲಿ ಎಂಟು ಪಾಲು ಮರುದಿನ ಕರಗುತ್ತದೆ, ಸರಾಸರಿ ಲೆಕ್ಕದಲ್ಲಿ. ಎರಡರ ಸ್ವಾಭಾವಿಕ ಲಾಗರಿದಮ್ ಸೊನ್ನೆ ಪಾಯಿಂಟ್ ಆರು ಒಂಬತ್ತು ಮೂರು. ಅದನ್ನು ಸೊನ್ನೆ ಪಾಯಿಂಟ್ ಸೊನ್ನೆ ಎಂಟರಿಂದ ಭಾಗಿಸಿದರೆ ಎಂಟೂಮುಕ್ಕಾಲರ ಹತ್ತಿರ. ಒಂಬತ್ತು ದಿನ ಎನ್ನೋಣ. ಹಿಗ್ಗಿದ ಅಂತರದ ಅರ್ಧ ಕರಗಲು ಪೇಟೆಯ ಒಂಬತ್ತು ದಿನ ಬೇಕು. ಶಾಲೆಯ ಭೌತಶಾಸ್ತ್ರದಲ್ಲಿ ರೇಡಿಯಂಗೆ ಹೇಳಿಕೊಟ್ಟ ಅರ್ಧಾಯುಷ್ಯ, ಇಲ್ಲಿ ಬ್ಯಾಂಕ್ ಷೇರಿಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಚಪಾತಿ ಮುಗಿಸುವುದನ್ನೇ ಮರೆತೆ.

ಅಣ್ಣಾರಿಗೆ ಇಳಿಜಾರು, ಲಾಗರಿದಮ್ ಎಂದರೆ ಮುಖ ಹುಳಿಯಾಯಿತು. “ನಂಗೆ ತಿಳಿಯುವ ಹಾಗೆ ಹೇಳು,” ಎಂದರು. ಹೋಟೆಲಿನವರಿಗೆ ಚಹಾದಲ್ಲೇ ಹೇಳಬೇಕೆಂದು ನಿರ್ಧರಿಸಿ, ಮರುದಿನ ಠಾಣೆ ಸ್ಟೇಶನ್ ಹತ್ತಿರ ಶಾಲೆಗಳಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಒಂದು ಥರ್ಮಾಮೀಟರ್ ತಂದೆ. ಪೇಟೆ ಮುಚ್ಚಿದ ಮೇಲೆ ಕೆಳಗಿನ ಟಪರಿಯಿಂದ ಚಹಾ ತರಿಸಿ, ಗ್ಲಾಸಿನಲ್ಲಿ ಥರ್ಮಾಮೀಟರ್ ಅದ್ದಿ ಕೂತೆವು. ಘಣಸೋಲಿಯ ಟ್ರೇಡರು ಎದ್ದು ಬಂದು, “ದೀದಿ, ಚಾಯ್ ಕೋ ಬುಖಾರ್ ಹೈ ಕ್ಯಾ?” ಎಂದು, ಚಹಾಕ್ಕೆ ಜ್ವರ ಬಂತೇ ಎಂಬಂತೆ ನಕ್ಕ.

ಕೋಣೆಯ ಬಿಸಿ ಮೂವತ್ತು ಡಿಗ್ರಿ, ಚಹಾದ್ದು ಎಂಬತ್ತು. ಅಂತರ ಐವತ್ತು. ಹನ್ನೆರಡು ನಿಮಿಷಕ್ಕೆ ಚಹಾ ಐವತ್ತೈದಕ್ಕೆ ಇಳಿಯಿತು, ಅಂತರ ಇಪ್ಪತ್ತೈದು. ಇಪ್ಪತ್ತನಾಲ್ಕನೆಯ ನಿಮಿಷಕ್ಕೆ ನಲವತ್ತಮೂರರ ಆಸುಪಾಸು, ಅಂತರ ಹದಿಮೂರು. ಅಣ್ಣಾರು ಗಡಿಯಾರ ನೋಡುತ್ತಿದ್ದವರು ನನ್ನನ್ನು ನೋಡಿದರು.

“ಪೂರ್ತಿ ತಣಿಯುವುದು ಯಾವಾಗ?”

“ಪೂರ್ತಿ ಅಂಬೋದು ಲೆಕ್ಕದಾಗ ಇಲ್ರಿ. ಪ್ರತಿ ಹನ್ನೆರಡು ನಿಮಿಷಕ್ಕ ಉಳಿದಿದ್ದರ ಅರ್ಧ. ಎರಡು ಸಲ ಆದ್ರ ಕಾಲು ಭಾಗ ಉಳೀತು, ಮೂರು ಸಲ ಆದ್ರ ಅದರದೂ ಅರ್ಧ.”

ಅವರು ಗ್ಲಾಸು ಮುಟ್ಟಿ ನೋಡಿದರು. ಆಮೇಲೆ ಅವರು ಹೇಳಿದ ಮಾತಿಗೆ ನಾನು ದಂಗಾಗಿ ಹೋದೆ. “ಹಾಗಾದ್ರೆ ಇಪ್ಪತ್ತನಾಲ್ಕು ನಿಮಿಷ ಆದ್ಮೇಲೂ ಚಹಾ ಸುಡುವಷ್ಟು ಬಿಸಿ ಉಂಟಾದ್ರೆ, ಕೆಳಗೆ ಯಾರೋ ಬೆಂಕಿ ಇಟ್ಟಿದ್ದಾರೆ ಅಂತ ಅಲ್ವಾ? ಮತ್ತೆ ಕಾಯುವುದು ಎಂತಕ್ಕೆ?”

ಅದೇ! ನಾನು ಎರಡು ಪುಟ ಬರೆದು ಹೇಳಬೇಕೆಂದಿದ್ದುದು ಅದೇ. ಅರ್ಧಾಯುಷ್ಯ ಒಂಬತ್ತು ದಿನವಾದರೆ ಅದರ ಎರಡರಷ್ಟು, ಹದಿನೆಂಟು ದಿನ ಕಾಯಬೇಕು. ಅಷ್ಟರಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಮರಳಿರಬೇಕು. ಮರಳದಿದ್ದರೆ ಆ ಎರಡು ಬ್ಯಾಂಕುಗಳ ಸಂಬಂಧವೇ ಬದಲಾಗಿರಬಹುದು, ಅಥವಾ ನಮ್ಮ ಲೆಕ್ಕವೇ ತಪ್ಪಿರಬಹುದು. ಎರಡರಲ್ಲಿ ಯಾವುದೇ ಆಗಿದ್ದರೂ, ಅಲ್ಲಿ ಕೂತು ಕಾಯಲು ಕಾರಣ ಉಳಿದಿಲ್ಲ. ನಷ್ಟವೋ ಲಾಭವೋ, ಹೊರಗೆ ಬರಬೇಕು.

ಆ ಸಂಜೆಯೇ ಅವರು ಖಾಲಿ ಕುರ್ಚಿ ತೋರಿಸಿದರು. “ಮೂರು ತಿಂಗಳು ಕೂತುಕೊ. ಆ ಒಂಬತ್ತು ದಿನದ ಜೋಡಿ ನಿಂದು. ಮೂರು ತಿಂಗಳಿಗೆ ಲಾಭದಲ್ಲಿದ್ರೆ ಕುರ್ಚಿ ನಿಂದು. ಇಲ್ಲದಿದ್ರೆ ನಿನ್ನ ಹಳೇ ಜಾಗ ಉಂಟಲ್ಲ.” ಮನೆ ಇರುವ ಡೊಂಬಿವಲಿಗೆ ಹೋಗುವ ಲೋಕಲ್ ಗಾಡಿಯಲ್ಲಿ ಹೆಂಗಸರ ಡಬ್ಬಿಯ ಕಂಬ ಹಿಡಿದು ನಿಂತು ನಾನು ಒಬ್ಬಳೇ ನಗುತ್ತಿದ್ದೆ. ಮನೆಯಲ್ಲಿ ಅವ್ವನಿಗೆ ಹೇಳಿದರೆ, “ಈಗೇನು ಕುರ್ಚಿ ಇಲ್ಲದ ನೆಲದ ಮ್ಯಾಲ ಕುಂದರತಿದ್ಯೇನ?” ಎಂದಳು.

ಒಂದು ನೋಟ್‌ಬುಕ್ ಮಾಡಿದೆ. ಪ್ರವೇಶದ ದಿನ, ಆ ದಿನದ ಅರ್ಧಾಯುಷ್ಯ, ಕೊನೆಯ ದಿನ. ಶನಿವಾರ ಭಾನುವಾರ ಎಣಿಸುವಂತಿಲ್ಲ, ಪೇಟೆಯ ದಿನ ಮಾತ್ರ. ಅಂತರ ತನ್ನ ಮಾಮೂಲಿ ಏರಿಳಿತದ ಎರಡರಷ್ಟು ದೂರ ಹೋದಾಗ ವ್ಯಾಪಾರದೊಳಗೆ ಇಳಿಯುವುದು. ಮೊದಲ ಸಲ ಅಂತರ ಏಳು ದಿನಕ್ಕೆ ಮರಳಿತು. ಎರಡನೆಯ ಸಲ ಹನ್ನೊಂದು ದಿನ. ಟ್ರೇಡರು ನನಗೆ “ಮೇಡಂ” ಎನ್ನತೊಡಗಿದ. ನೆಲದ ಮೇಲೆ ಕಾಲಿರಲಿಲ್ಲ ನನಗೆ.

ಮೂರನೆಯ ಸಲವೂ ಅದೇ ಜೋಡಿ, ಅದೇ ಒಂಬತ್ತು ದಿನದ ಅರ್ಧಾಯುಷ್ಯ. ಹದಿನೆಂಟನೆಯ ದಿನದ ತಾರೀಖು ಬರೆದು ಕೆಳಗೆ ಗೆರೆ ಎಳೆದೆ. ಅಂತರ ಮರಳಲಿಲ್ಲ. ಒಂದು ದಿನ ಸ್ವಲ್ಪ ಹಿಂದೆ, ಎರಡು ದಿನ ಮುಂದೆ. ಹತ್ತನೆಯ ದಿನ ನಾನು ಶೀಟು ತೆರೆದು ಹೊಸ ಹತ್ತು ದಿನಗಳನ್ನು ಸೇರಿಸಿ, ಹಳೆಯ ಹತ್ತು ದಿನಗಳನ್ನು ತೆಗೆದು, ಮತ್ತೆ ಲೆಕ್ಕ ಹಾಕಿದೆ. ಇದನ್ನು ಯಾರೂ ಹೇಳಿರಲಿಲ್ಲ, ನನಗೇ ತೋಚಿದ್ದು. ಹೊಸ ಮಾಹಿತಿ ಬಂದ ಮೇಲೂ ಲೆಕ್ಕ ಹೊಸದಾಗಿ ಮಾಡದಿದ್ದರೆ ಸಂಖ್ಯಾಶಾಸ್ತ್ರ ಓದಿ ಏನು ಬಂತು? ಅರ್ಧಾಯುಷ್ಯ ಹನ್ನೆರಡೂವರೆ ಎಂದು ಬಂತು. ಸರಿ, ಕೊನೆಯ ದಿನ ಹದಿನೆಂಟಲ್ಲ, ಇಪ್ಪತ್ತೈದು. ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದೆ.

ಹದಿನೆಂಟನೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಲೆಕ್ಕ ಹಾಕಿದ್ದೆ. ಅಣ್ಣಾರು ಬಂದು ಕುರ್ಚಿಯ ಹಿಂದೆ ನಿಂತರು. “ಇವತ್ತಲ್ವಾ?”

“ಲೆಕ್ಕಾ ಬದಲಾಗೈತ್ರಿ, ಅಣ್ಣಾರ. ಈಗಿನ ಹಾಫ್-ಲೈಫ್ ಇಪ್ಪತ್ತು. ನಲವತ್ತರ ತನಕ ಹಿಡೀಬಹುದು.”

ಅವರ ಮುಖದಲ್ಲಿ ಏನೋ ಬಂದು ಹೋಯಿತು. “ನೀನು ಕಲಿತವಳು. ನಂಗೆಂತ ಗೊತ್ತುಂಟು,” ಎಂದು ಹೋದರು. ಆ ಮಾತು ಹೊಗಳಿಕೆ ಎಂದು ನಾನು ತಿಳಿದೆ.

ಇಪ್ಪತ್ತಾರನೆಯ ದಿನ ಶುಕ್ರವಾರ. ನಷ್ಟ ಅಷ್ಟರಲ್ಲಿ ಹದಿನೆಂಟನೆಯ ದಿನದ್ದಕ್ಕಿಂತ ಮೂರು ಪಟ್ಟಾಗಿತ್ತು. ಪೇಟೆ ಮುಚ್ಚಿದ ಮೇಲೆ ಮತ್ತೆ ಲೆಕ್ಕ ಹಾಕಿದೆ. ಅರ್ಧಾಯುಷ್ಯ ಮೂವತ್ತೈದು, ಕೊನೆಯ ದಿನ ಎಪ್ಪತ್ತು. ಸಂಜೆ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ಅಪರೂಪಕ್ಕೆ. ನೋಟ್‌ಬುಕ್ ತೆರೆದರೆ ಒಂದೇ ಸಾಲಿನಲ್ಲಿ ಹೊಡೆದುಹಾಕಿದ ಸಂಖ್ಯೆಗಳು: ಹದಿನೆಂಟು, ಇಪ್ಪತ್ತೈದು, ನಲವತ್ತು. ಕೊನೆಗೆ ಇನ್ನೂ ಹೊಡೆಯದ ಎಪ್ಪತ್ತು. ಅವುಗಳ ಪಕ್ಕ, ಯಾವ ದಿನ ಬರೆದೆ ಎಂದು ಹಾಕಿದೆ: ಸೊನ್ನೆ, ಹತ್ತು, ಹದಿನೆಂಟು, ಇಪ್ಪತ್ತಾರು. ಹತ್ತರಿಂದ ಹದಿನೆಂಟಕ್ಕೆ ಎಂಟು ದಿನ ಕಳೆದಿದ್ದವು, ಅಷ್ಟರಲ್ಲಿ ಗಡುವು ಹದಿನೈದು ದಿನ ಮುಂದೆ ಓಡಿತ್ತು. ಆಮೇಲಿನ ಎಂಟು ದಿನಕ್ಕೆ ಮೂವತ್ತು ದಿನ ಮುಂದೆ. ಹಾಗಾದರೆ ನಾನು ಆ ಗಡುವನ್ನು ಮುಟ್ಟುವುದು ಯಾವಾಗ?

ಎಂದೂ ಇಲ್ಲ. ಅಯ್ಯೋ ದೇವರೇ, ಎಂದೂ ಇಲ್ಲ!

ಕಾರಣ ಎಷ್ಟು ಸರಳ ನೋಡಿ. ಅಂತರ ಮರಳದೆ ದೂರ ಉಳಿದ ಪ್ರತಿಯೊಂದು ದಿನವನ್ನೂ ನಾನೇ ಶೀಟಿಗೆ ತುಂಬುತ್ತಿದ್ದೆ. ‘ದೂರ ಹೋದರೂ ಹಿಂದಕ್ಕೆ ಎಳೆಯಲ್ಪಡಲಿಲ್ಲ’ ಎಂಬ ದಿನಗಳು ಸೇರಿದಂತೆ ಇಳಿಜಾರು ಸಪಾಟಾಗುತ್ತದೆ. ಇಳಿಜಾರು ಸಪಾಟಾದಂತೆ ಅರ್ಧಾಯುಷ್ಯ ಉದ್ದವಾಗುತ್ತದೆ. ಅರ್ಧಾಯುಷ್ಯ ಉದ್ದವಾದರೆ ‘ಇನ್ನೂ ತಾಳ್ಮೆ ಇರಲಿ’ ಎಂದು ಅಪ್ಪಣೆ. ಜೋಡಿ ಎಷ್ಟು ಕೆಟ್ಟಿತೋ ಅಷ್ಟು ಹೆಚ್ಚು ಕಾಯಿರಿ ಎನ್ನುವ ನಿಯಮ ನನ್ನದು! ಬಿಟ್ಟು ಹೊರಡು ಎಂದು ಬೊಬ್ಬೆ ಹೊಡೆಯುತ್ತಿದ್ದ ಸಂಖ್ಯೆಯನ್ನೇ ನಾನು ಕೂತಿರು ಎಂದು ಓದಿದ್ದೆ. ‘ಬರ್ತದೆ ಮಾರಾಯ್ತಿ’ ಎನ್ನುತ್ತಿದ್ದ ಅಣ್ಣಾರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ನನ್ನ ಹತ್ತಿರ ದಶಮಾಂಶ ಬಿಂದು ಇತ್ತು.

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಒಂಥರಾ ರೋಮಾಂಚನ. ಎಷ್ಟು ಮಜವಾದ ತಪ್ಪು! ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತವಳಿಗೆ ಡೊಂಬಿವಲಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಕಲ್ಯಾಣದಲ್ಲಿ ಇಳಿದು, ವಾಪಸ್ ಗಾಡಿಗೆ ಕಾಯುತ್ತ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಬರೆದೆ: ‘ಒಳಗೆ ಹೋಗುವ ದಿನ ಬರೆದ ಗಡುವೇ ಗಡುವು. ಹೊಸ ಲೆಕ್ಕ ಅದನ್ನು ಹತ್ತಿರ ತರಬಹುದು, ದೂರ ತಳ್ಳುವಂತಿಲ್ಲ. ಹೊಸ ಅರ್ಧಾಯುಷ್ಯ ಮುಂದಿನ ಸಲಕ್ಕೆ.’

ಶನಿವಾರ ಭಾನುವಾರ ಮನೆಯಿಂದ ಹೊರಬೀಳಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಕಳೆದ ನಾಲ್ಕು ವರ್ಷದ ದರ ತೆಗೆದು, ಆಗ ಈ ನಿಯಮಗಳಿದ್ದಿದ್ದರೆ ಏನಾಗುತ್ತಿತ್ತು ಎಂದು ಪ್ರತಿ ಜೋಡಿಗೂ ಎರಡು ಬಗೆಯಲ್ಲಿ ನೋಡಿದೆ. ಕಟ್ಟಿಹಾಕಿದ ಗಡುವಿನಲ್ಲಿ ಸಣ್ಣ ಸಣ್ಣ ನಷ್ಟಗಳು ಬಹಳ. ಕೆಲವನ್ನು ಬಿಟ್ಟ ವಾರದಲ್ಲೇ ಅಂತರ ಮರಳಿತ್ತು, ಹೊಟ್ಟೆ ಉರಿಸುವ ಹಾಗೆ. ಓಡುವ ಗಡುವಿನಲ್ಲಿ ನಷ್ಟಗಳು ಕಡಿಮೆ, ಆದರೆ ಮುಳುಗಿಸುವಂಥ ದೊಡ್ಡ ನಷ್ಟಗಳೆಲ್ಲ ಅಲ್ಲೇ ಇದ್ದವು. ಅವ್ವ ಬಂದು, “ಊಟಾನಾದ್ರೂ ಮಾಡ್ತಿಯೋ, ಆ ಪೆಟ್ಟಿಗೀನ ತಿಂತಿಯೋ?” ಎಂದಳು.

ಸೋಮವಾರ ಒಂಬತ್ತೂಕಾಲಿಗೆ ಪೇಟೆ ತೆರೆದ ಕೂಡಲೇ ಎರಡೂ ಕಡೆಯನ್ನು ಬಿಡಿಸಿದೆ. ಮೊದಲೆರಡು ಸಲದ ಲಾಭ ಹೋಗಿ, ಮೇಲೆ ಕೈಯಿಂದಲೂ ಹೋಯಿತು. ಅಣ್ಣಾರ ಮುಂದೆ ನೋಟ್‌ಬುಕ್ ಇಟ್ಟು ಎಲ್ಲವನ್ನೂ ಹೇಳಿದೆ, ಹೊಡೆದುಹಾಕಿದ ಸಂಖ್ಯೆಗಳ ಸಮೇತ. ಹದಿನೆಂಟನೆಯ ದಿನ ಬಿಟ್ಟಿದ್ದರೆ ನಷ್ಟ ಇದರ ಮೂರನೇ ಒಂದು ಭಾಗ, ಒಟ್ಟಾರೆ ನಾನು ಇನ್ನೂ ಲಾಭದಲ್ಲೇ ಇರುತ್ತಿದ್ದೆ ಎಂದೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮೂರು ತಿಂಗಳಿಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಆ ಜೋಡಿ ಕೆಟ್ಟಿತ್ತು, ಮತ್ತೆ ಒಳಗೆ ಹೋಗುವ ಹಾಗಿರಲಿಲ್ಲ. ಒಂಬತ್ತೂ ದಿನ ಆ ಕುರ್ಚಿಯಲ್ಲಿ ಸುಮ್ಮನೆ ಕೂತೆ. ಕೊನೆಯ ದಿನ ಅಣ್ಣಾರ ಮೇಜಿನ ಮುಂದೆ ಹೋಗಿ ನಿಂತೆ.

“ಇನ್ನೊಂದು ತಿಂಗಳಾ ಕೊಡ್ರಿ, ಅಣ್ಣಾರ. ಮೂರು ತಿಂಗಳಾ ಅಂತ ನೀವು ಹೇಳಿದಾಗ ಈ ಪರಿಸ್ಥಿತಿ ಇರಲಿಲ್ಲ. ಈಗ ಹೊಸಾ ವಿಷಯ ಗೊತ್ತಾಗೈತಿ. ಈಗಿನ ಲೆಕ್ಕದ ಪ್ರಕಾರ ನೋಡಿದ್ರ...”

ಅಲ್ಲಿಗೆ ನನ್ನ ಬಾಯಿ ನಿಂತಿತು. ಅಣ್ಣಾರು ತಲೆ ಎತ್ತಿ ನೋಡಿದರು. ಗಡುವನ್ನು ದೂರ ತಳ್ಳುವ ಆ ಹಳೆಯ ರಾಗ ಅವರಿಗೂ ಕೇಳಿಸಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. “ಏನಿಲ್ಲ ಬಿಡ್ರಿ,” ಎಂದು ತಿರುಗಿ, ನನ್ನ ಡಬ್ಬಿ, ನೋಟ್‌ಬುಕ್ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ. ಅವರು ತಡೆಯಲಿಲ್ಲ. ತಡೆಯಲಿ ಎಂದು ನಾನು ನಿಧಾನವಾಗಿಯೇ ನಡೆದಿದ್ದೆ.

ಕುರ್ಚಿಗೆ ಹೊಸಬನೊಬ್ಬ ಬಂದ. ಒಂದು ವಾರ ಕಳೆದು ಅಣ್ಣಾರು ಹಿಂದಿನ ಕೋಣೆಗೆ ಬಂದು, “ನಿನ್ನ ಆ ಹದಿನೆಂಟರ ಲೆಕ್ಕ ಎಲ್ಲ ಜೋಡಿಗೂ ಹಾಕು. ಒಳಗೆ ಹೋದ ದಿನವೇ ಕೊನೇ ದಿನ ಬರೆದು ನಿನ್ನ ಹತ್ರ ಇಡು. ಟ್ರೇಡರುಗಳ ಹತ್ರ ಬೇಡ. ದಿನ ಬಂದಾಗ ನೀನು ಹೇಳು,” ಎಂದರು. ಹಾಗೆ ಪ್ರತಿ ಜೋಡಿಯ ಅರ್ಧಾಯುಷ್ಯ ತೆಗೆಯುವುದು ನಾನು, ದಿನ ಎಣಿಸುವುದು ನಾನು, ವ್ಯಾಪಾರ ಅವರದು. ಜೋಡಿ ಹಿಡಿದವನ ಕೈಗೆ ಗಡುವಿನ ಪೆನ್ನು ಕೊಡಬಾರದೆಂದು ಆ ಹೋಟೆಲಿನ ಮನುಷ್ಯನಿಗೆ ಯಾವ ಪುಸ್ತಕ ಹೇಳಿಕೊಟ್ಟಿತ್ತೋ. ಕೊನೆಯ ದಿನ ಬಂದಾಗ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಘಣಸೋಲಿಯವನು ಇನ್ನೊಂದು ದಿನಕ್ಕಾಗಿ ಕೈ ಮುಗಿಯುತ್ತಿದ್ದ: “ದೀದಿ, ಏಕ್ ದಿನ್ ಔರ್, ಪ್ಲೀಸ್.” ನಾನು ಬಾಗಿಲಿಂದ ಕದಲುತ್ತಿರಲಿಲ್ಲ. ಕೊನೆಗೆ ಅವನು ಬೈದುಕೊಂಡು ಬಿಡಿಸುತ್ತಿದ್ದ.

ಮುಂದಿನ ವರ್ಷದ ಒಂದು ಗುರುವಾರ ಬಾಗಿಲಲ್ಲಿ ನಿಂತು ನೋಡಿದರೆ, ಆ ದಿನ ಮುಗಿಯಬೇಕಿದ್ದ ಜೋಡಿ ಅಣ್ಣಾರದ್ದೇ. ದೊಡ್ಡದು. ಅವರ ಮೆಚ್ಚಿನ ಎರಡು ಷೇರು. ಅರ್ಧಾಯುಷ್ಯ ಏಳು, ಹದಿನಾಲ್ಕು ದಿನ ಮುಗಿದಿತ್ತು, ಅಂತರ ಇನ್ನೂ ದೂರವೇ ಇತ್ತು.

“ಅಣ್ಣಾರ, ಇವತ್ತ ಕೊನೇ ದಿನಾರಿ.”

“ಗೊತ್ತುಂಟು. ಎರಡೇ ದಿನ, ಮಾರಾಯ್ತಿ. ಸೋಮವಾರ ಅದರಲ್ಲಿ ಒಂದು ಕಂಪನಿಯ ರಿಸಲ್ಟ್ ಉಂಟು. ಖಂಡಿತ ಬರ್ತದೆ.”

“ಆಗಂಗಿಲ್ರಿ.”

ಅವರು ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟರು. “ಎಂತ ಆಗುವುದಿಲ್ಲ? ಯಾರ ದುಡ್ಡು ಇದು? ಪೂರಾ ಆಫೀಸು ನಂದು, ಎರಡು ದಿನ ಕೇಳಿದ್ರೆ ನಂಗೆ ಇಲ್ಲ ಅಂತೀಯಾ?” ಟ್ರೇಡರುಗಳಿಬ್ಬರೂ ತಲೆ ತಗ್ಗಿಸಿ ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಕೆಲಸ ಹೋಯಿತೆಂದೇ ಅಂದುಕೊಂಡೆ. ಆದರೆ ಬಾಯಿಗೆ ಬಂದದ್ದನ್ನು ತಡೆಯುವ ಸ್ವಭಾವ ನನ್ನದಲ್ಲ.

“ನನಗೂ ಒಂದ ತಿಂಗಳಾ ಬೇಕಿತ್ರಿ, ಅಣ್ಣಾರ,” ಎಂದೆ.

ಅವರು ನಿಂತೇ ಇದ್ದರು. ಅಂದು ಖಾಲಿಯಿದ್ದ, ಈಗ ಹೊಸಬ ಕೂತ ಆ ಕುರ್ಚಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ನೋಡಲಿಲ್ಲ. ಆಮೇಲೆ ಘಣಸೋಲಿಯವನಿಗೆ, ಬಹಳ ಮೆಲ್ಲಗೆ, “ಕಾಟ್ ದೇ,” ಎಂದರು. ಅವನು ಎರಡೂ ಕಡೆ ಬಿಡಿಸಿದ.

ನಾನು ಹಿಂದಿನ ಕೋಣೆಗೆ ಬಂದು, ಪಟ್ಟಿಯಲ್ಲಿ ಆ ಜೋಡಿಯ ಮುಂದೆ ‘ಮುಗಿಯಿತು’ ಎಂದು ಬರೆದು, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಕುರ್ಚಿಗಾಗಿ ಅತ್ತದ್ದಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.